ಕೌಂಟರ್ ತಗ್ಗಲಿ

ಧನಗೆರೆಯಿಂದ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದ ನಾಲ್ಕಡಿ ಎತ್ತರದ ಹೆಂಗಸೊಬ್ಬರು ಕಚೇರಿಯ ಕೌಂಟರ್ ಮುಂದೆ ನಿಂತಿದ್ದಾರೆ ಎಂದುಕೊಳ್ಳಿ. ಕಟ್ಟೆಯ ಎತ್ತರ ಮೂರೂವರೆ ಅಡಿ, ಅಂದರೆ ಅವರ ಗಲ್ಲದ ಮಟ್ಟಕ್ಕೆ. ಒಳಗಿದ್ದವರಿಗೆ ಅವರ ಪೂರ್ತಿ ಮುಖ ಕಾಣದು. ಚೀಟಿ ಹಿಡಿದ ಕೈ ಮೇಲೆತ್ತಬೇಕು, ಸಹಿಯನ್ನು ಬೇರೆಯವರ ಬೆನ್ನ ಮೇಲೋ ಗೋಡೆಗೆ ಒತ್ತಿಯೋ ಹಾಕಬೇಕು. ಅಷ್ಟರಲ್ಲಿ ಸಾಲಿನಲ್ಲಿರುವ ಕಣ್ಣುಗಳೆಲ್ಲ ಅವರ ಮೇಲೆಯೇ. ಯಾರೋ ಮಗುವಿಗೆ ಹೇಳುವಂತೆ ‘ಏನು ಬೇಕಮ್ಮಾ ಪುಟ್ಟಿ’ ಎನ್ನುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 147 ಸೆಂ.ಮೀ. ಅಥವಾ ಅದಕ್ಕೂ ಕಡಿಮೆ ಎತ್ತರದ ವಯಸ್ಕರ ಕುಬ್ಜತೆಯನ್ನು ಅಂಗವೈಕಲ್ಯವೆಂದು ಗುರುತಿಸಿದೆ. ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ ಶಿಕ್ಷೆಯೂ ಇದೆ. ಆದರೆ ದಿಟ್ಟಿಸುವ ಕಣ್ಣಿಗೆ ಕಾನೂನಿಲ್ಲ, ಕಟ್ಟೆಯ ಎತ್ತರವನ್ನಾದರೂ ತಗ್ಗಿಸಬಹುದು.

ಕೌಂಟರ್ ಪೂರ್ತಿ ಒಡೆಯಬೇಕಿಲ್ಲ. ಮೂರಡಿ ಅಗಲದ ಒಂದು ಭಾಗವನ್ನು 75–80 ಸೆಂ.ಮೀ.ಗೆ ಇಳಿಸಿದರೆ ಸಾಕು. ಗಾಲಿಕುರ್ಚಿಯವರಿಗೂ ಅದೇ ಅನುಕೂಲ. ಕಾಲಡಿಗೆ ಸ್ಟೂಲು ಕೊಡುವುದು ಪರಿಹಾರವಲ್ಲ. ಅದು ಜಾರುತ್ತದೆ, ಕೇಳಿ ತರಿಸಿಕೊಳ್ಳುವುದೇ ಇನ್ನೊಂದು ನೋಟಕ್ಕೆ ಆಹ್ವಾನ. ಕಾಯುವ ಕುರ್ಚಿಗೆ ಕಾಲೂರಲು ಪಟ್ಟಿಯಿದ್ದರೆ ನೇತಾಡುವ ಕಾಲು ಜೋಮು ಹಿಡಿಯದು. ಕಟ್ಟೆ ತಗ್ಗಿದಾಗ ಗುಮಾಸ್ತರಿಗೆ ಮೊದಲು ಕಾಣುವುದು ಕೈಯಲ್ಲ, ಮುಖ.