‘ನಿಮಗೇ ಬಿಟ್ಟಿದ್ದು’ ಎಂಬ ಔದಾರ್ಯ

“ಒಂದು ಲೋಗೋ ಬೇಕಿತ್ತು ಸರ್. ಸಿಂಪಲ್ಲಾಗಿರಲಿ, ಎದ್ದು ಕಾಣಬೇಕು. ಉಳಿದದ್ದು ನಿಮಗೇ ಬಿಟ್ಟಿದ್ದು.” ವಾಟ್ಸಾಪಿನಲ್ಲಿ ಬರುವ ಇಂಥ ಸಂದೇಶದಲ್ಲಿ ಅಂಗಡಿಯ ಹೆಸರಿರುತ್ತದೆ; ಅಲ್ಲಿ ಏನು ಮಾರುತ್ತಾರೆ ಎಂಬುದಿರುವುದಿಲ್ಲ. ಕಳಿಸಿದವರು ಕಲಾವಿದನಿಗೆ ಸ್ವಾತಂತ್ರ್ಯ ಕೊಟ್ಟೆವು ಎಂದುಕೊಂಡಿರುತ್ತಾರೆ. ನನ್ನ ತಕರಾರಿರುವುದು ಈ ‘ಸ್ವಾತಂತ್ರ್ಯ’ದ ಬಗ್ಗೆಯೇ. ತಾವು ಹೇಳಬೇಕಾದದ್ದನ್ನು ಇನ್ನೊಬ್ಬರ ಊಹೆಯ ತಲೆಗೆ ಕಟ್ಟುವುದಕ್ಕೆ ಇಷ್ಟು ದೊಡ್ಡ ಹೆಸರು ಬೇಡ.

ಹೆಸರಿನಲ್ಲಿ ‘ಚಿಗುರು’ ಎಂದಿದೆ ಎಂದಿಟ್ಟುಕೊಳ್ಳಿ. ವಿನ್ಯಾಸಕಾರ ಎರಡು ಎಲೆ ಬರೆದು, ತಿಳಿಹಸಿರಿನಿಂದ ಕಡುಹಸಿರಿಗೆ ಜಾರುವ ಬಣ್ಣ ತುಂಬಿ, ಸಪೂರ ಅಕ್ಷರದಲ್ಲಿ ಹೆಸರು ಕೂರಿಸಿ ಕಳಿಸುತ್ತಾನೆ. ಮೊಬೈಲಿನಲ್ಲಿ ಚೆಂದ ಕಾಣುತ್ತದೆ, ಒಪ್ಪಿಗೆಯೂ ಸಿಗುತ್ತದೆ. ವಾರ ಕಳೆದ ಮೇಲೆ ಗೊತ್ತಾಗುತ್ತದೆ, ಅದು ಗಾಣದ ಎಣ್ಣೆಯ ಅಂಗಡಿ. ಲೋಗೋ ಹೋಗಬೇಕಿರುವುದು ಬಾಟಲಿಯ ಪಾರದರ್ಶಕ ಸ್ಟಿಕ್ಕರಿಗೆ, ಬಟ್ಟೆಯ ಚೀಲಕ್ಕೆ, ಮತ್ತು ಹತ್ತಡಿ ಅಗಲದ ಬೋರ್ಡಿಗೆ.

ಸ್ಟಿಕ್ಕರನ್ನೇ ನೋಡಿ. ಮುದ್ರಣದ ಬಣ್ಣದ ಶಾಯಿ ತೆಳುವಾದ ಬಣ್ಣದ ಗಾಜಿನ ಹಾಗೆ, ಹಿಂದಿರುವುದು ಅದರೊಳಗಿಂದ ಇಣುಕುತ್ತದೆ. ಬಿಳಿ ಕಾಗದದ ಮೇಲೆ ಚಿಗುರಿನಂತಿದ್ದ ಹಸಿರು, ಎಣ್ಣೆಯ ಹಳದಿಯ ಮುಂದೆ ಮಂಕಾಗುತ್ತದೆ. ಅದನ್ನು ತಪ್ಪಿಸಲು ಅಡಿಯಲ್ಲೊಂದು ಬಿಳಿ ಶಾಯಿಯ ಪದರ ಬೇಕು. ಎಲ್ಲ ಪ್ರೆಸ್ಸುಗಳಲ್ಲೂ ಅದಿರುವುದಿಲ್ಲ, ಇದ್ದಲ್ಲಿ ಖರ್ಚು ಬೇರೆ. ‘ಪಾರದರ್ಶಕ ಸ್ಟಿಕ್ಕರ್, ಒಳಗೆ ಕಡಲೆಕಾಯಿ ಎಣ್ಣೆ’ ಎಂದು ಮೊದಲೇ ತಿಳಿದಿದ್ದರೆ ಆ ಹಸಿರನ್ನು ಯಾರೂ ಮುಟ್ಟುತ್ತಿರಲಿಲ್ಲ.

ಚೀಲದ ಗೋಳು ಇನ್ನೊಂದು. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್. ಜಾರುವ ಬಣ್ಣವನ್ನು ಚುಕ್ಕೆಗಳಾಗಿ ಒಡೆಯಬೇಕು, ಒರಟು ಬಟ್ಟೆಯ ಮೇಲೆ ಆ ಚುಕ್ಕೆಗಳು ಹರಡಿಕೊಳ್ಳುತ್ತವೆ. ಕನ್ನಡ ಅಕ್ಷರಕ್ಕಂತೂ ಇದು ಎರಡು ಪಟ್ಟು ಶಿಕ್ಷೆ: ಸಣ್ಣ ಒತ್ತಕ್ಷರದ ಸುಳಿಯೊಳಗೆ ಶಾಯಿ ತುಂಬಿ ಅದು ಬರೀ ಮಸಿಯ ಉಂಡೆಯಾಗುತ್ತದೆ.

ಬೋರ್ಡಿಗೆ ಕಳಿಸಿದ್ದು ವಾಟ್ಸಾಪಿನ ಅದೇ ಚಿತ್ರವಾದರೆ ಲೆಕ್ಕ ಸುಲಭ. 1080 ಪಿಕ್ಸೆಲ್ಲನ್ನು 120 ಇಂಚಿಗೆ ಎಳೆದರೆ ಇಂಚಿಗೆ ಒಂಬತ್ತು. ಎಲೆಯ ಅಂಚು ಮೆಟ್ಟಿಲುಮೆಟ್ಟಿಲಾಗಿರುವುದು ಫುಟ್‌ಪಾತಿನಿಂದಲೇ ಕಾಣುತ್ತದೆ.

“ನಮಗೆ ಬಣ್ಣಗಿಣ್ಣ ತಿಳಿಯಲ್ಲ” ಎನ್ನುವವರ ಮಾತು ಒಪ್ಪೋಣ. ಆದರೆ ಏನು ಮಾರುತ್ತೀರಿ, ಲೋಗೋ ಯಾವುದರ ಮೇಲೆ ಅಚ್ಚಾಗುತ್ತದೆ, ಅದು ಎಷ್ಟು ದೊಡ್ಡದು ಎಂಬುದು ಅಂಗಡಿಯವರಿಗಲ್ಲದೆ ಇನ್ಯಾರಿಗೆ ತಿಳಿದೀತು? ಪಕ್ಕದ ಅಂಗಡಿಯ ಬೋರ್ಡು ಯಾವ ಬಣ್ಣದ್ದೆಂದು ಹೇಳಿದರೂ ಸಾಕು, ಯಾವ ಬಣ್ಣ ಬೇಡವೆಂಬುದಾದರೂ ಸಿಕ್ಕೀತು. ಇದನ್ನು ಕೇಳದೆ ಅಡ್ವಾನ್ಸ್ ಇಸಿದುಕೊಳ್ಳುವ ವಿನ್ಯಾಸಕಾರರೂ ಈ ರೋಗದ ಪಾಲುದಾರರೇ. ಕೇಳಿದರೆ ಗಿರಾಕಿ ಓಡಿಹೋದಾನೆಂಬ ಭಯ ಅವರದು.

ಕೊನೆಗೆ ಎಲ್ಲವನ್ನೂ ಒಂದೇ ಬಣ್ಣದಲ್ಲಿ, ದಪ್ಪ ಗೆರೆಯಲ್ಲಿ, ಎಷ್ಟು ಹಿಗ್ಗಿಸಿದರೂ ಒಡೆಯದ ವೆಕ್ಟರಿನಲ್ಲಿ ಹೊಸದಾಗಿ ಬರೆಯಬೇಕಾಗುತ್ತದೆ. ಅದಕ್ಕೆ ದುಡ್ಡು ಕೇಳಿದರೆ ಬರುವ ಉತ್ತರ: “ಬರೀ ಕಲರ್ ಚೇಂಜ್ ಅಲ್ವಾ ಸರ್?”