ಕ್ಷೌರದಂಗಡಿಯ ವರಮಾನವೂ ತೆರಿಗೆಯ ಲೆಕ್ಕವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಕ್ಷೌರ ಕಾಯಕವನ್ನು ನಂಬಿ ಬಾಳುವ ನಮ್ಮ ಹಡಪದ ಬಂಧುಗಳನೇಕರಲ್ಲಿ ಒಂದು ಅಳುಕು ಮನೆಮಾಡಿದೆ. ಗಿರಾಕಿಗಳೆಲ್ಲ ಫೋನಿನಿಂದಲೇ ಹಣ ಕೊಡತೊಡಗಿದ ಮೇಲೆ ಬ್ಯಾಂಕಿಗೆ ಬಂದ ಮೊತ್ತವಷ್ಟಕ್ಕೂ ತೆರಿಗೆ ಬೀಳುವುದೋ ಎಂಬುದೇ ಆ ಅಳುಕು. ಅಂಗಡಿಗೆ ಬಂದುದು ವಹಿವಾಟು. ಖರ್ಚು ಕಳೆದು ಉಳಿದುದು ಆದಾಯ. ತೆರಿಗೆ ಆದಾಯದ ಮೇಲೆಯೇ ಹೊರತು ವಹಿವಾಟಿನ ಮೇಲಲ್ಲ.

ಕೊಪ್ಪದಲ್ಲಿ ಮೂರು ಕುರ್ಚಿಗಳ ಒಂದು ಅಂಗಡಿಯಿದೆಯೆಂದು ಭಾವಿಸೋಣ. ವಾರದ ರಜೆ, ಹಬ್ಬಗಳನ್ನು ಬಿಟ್ಟರೆ ವರ್ಷಕ್ಕೆ 300 ದಿನ ಕೆಲಸ. ಆಷಾಢದ ಮಳೆಯಲ್ಲಿ ಗಿರಾಕಿ ಕಡಮೆ, ಮದುವೆಯ ದಿನಗಳಲ್ಲಿ ಹೆಚ್ಚು. ಆದುದರಿಂದ ಒಂದು ತಿಂಗಳ ಗಳಿಕೆಯನ್ನು ಹನ್ನೆರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ದಿನವಹಿ ಪುಸ್ತಕದ ಸರಾಸರಿ 5,000 ರೂಪಾಯಿಯಾದರೆ ವರ್ಷದ ವಹಿವಾಟು 15 ಲಕ್ಷ.

ಇನ್ನು ಖರ್ಚು. ಬಾಡಿಗೆ 96,000, ವಿದ್ಯುತ್ತು 36,000, ಇಬ್ಬರು ಕೆಲಸಗಾರರ ಸಂಬಳ 3,60,000, ಬ್ಲೇಡು, ಕ್ರೀಮು, ಬಣ್ಣ ಮುಂತಾದವು 1,32,000, ಟವೆಲುಗಳ ಒಗೆತ 24,000, ಪರವಾನಗಿ, ಫೋನು, ಲೆಕ್ಕ ಬರೆಯುವವರ ಶುಲ್ಕ 12,000. ಒಟ್ಟು 6,60,000. ಇವೆಲ್ಲವನ್ನೂ ಕಳೆಯಬಹುದು.

ಅದೇ ವರ್ಷ 40,000 ರೂಪಾಯಿಗೆ ಹೊಸ ಕುರ್ಚಿಗಳನ್ನೂ, ಮಲೆನಾಡಿನ ಕರೆಂಟನ್ನು ನಂಬಲಾಗದೆ 20,000ಕ್ಕೆ ಇನ್ವರ್ಟರನ್ನೂ ಕೊಂಡರೆನ್ನಿ. ಈ 60,000 ಒಂದೇ ವರ್ಷದ ಖರ್ಚಲ್ಲ. ಬಹುಕಾಲ ಬಾಳುವ ವಸ್ತುವಿಗೆ ವರ್ಷವರ್ಷವೂ ಸವಕಳಿಯನ್ನಷ್ಟೇ ಕಳೆಯಬೇಕು. ಪೀಠೋಪಕರಣಕ್ಕೆ ಶೇಕಡಾ 10ರಂತೆ 4,000, ಯಂತ್ರಕ್ಕೆ ಶೇಕಡಾ 15ರಂತೆ 3,000. ಕೊಂಡ ವರ್ಷ 180 ದಿನಗಳಿಗಿಂತ ಕಡಮೆ ಬಳಸಿದ್ದರೆ ಇದರಲ್ಲಿ ಅರ್ಧ ಮಾತ್ರ. ಹೀಗೆ ನಿವ್ವಳ ಆದಾಯ 8,33,000.

ಖರ್ಚೆಂದು ಬರೆಯಬಾರದವೂ ಇವೆ. ಒಡೆಯನು ತನಗೆ ತಾನೇ ಸಂಬಳ ಬರೆದುಕೊಳ್ಳುವಂತಿಲ್ಲ; ಗಲ್ಲಾಪೆಟ್ಟಿಗೆಯಿಂದ ಮನೆಗೆ ಒಯ್ದ ಹಣ ಅವನ ಲಾಭದ ಭಾಗವೇ. ಜೀವವಿಮೆಯ ಕಂತು, ಮಕ್ಕಳ ಶಾಲಾ ಶುಲ್ಕ ಅಂಗಡಿಯವಲ್ಲ. ಮಳಿಗೆಗೆ ಕೊಟ್ಟ ಮುಂಗಡ ಮರಳಿ ಬರತಕ್ಕದ್ದಾದ್ದರಿಂದ ಅದೂ ಸಲ್ಲದು. ಸಾಲದ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲಲ್ಲ. ಒಬ್ಬರಿಗೆ ಒಂದೇ ದಿನ 10,000ಕ್ಕೆ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಇಲಾಖೆ ಒಪ್ಪುವುದಿಲ್ಲ; ಸಂಬಳವನ್ನು ಬ್ಯಾಂಕಿನ ಮೂಲಕ ಕೊಡುವುದು ಲೇಸು.

2025-26ನೇ ಆರ್ಥಿಕ ವರ್ಷಕ್ಕೆ ಹೊಸ ಪದ್ಧತಿಯಂತೆ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಮುಂದಿನ 4 ಲಕ್ಷಕ್ಕೆ ಶೇಕಡಾ 5ರಂತೆ 20,000. ಉಳಿದ 33,000ಕ್ಕೆ ಶೇಕಡಾ 10ರಂತೆ 3,300. ಒಟ್ಟು 23,300. ಆದರೆ ಆದಾಯ 12 ಲಕ್ಷ ಮೀರದವರಿಗೆ ಈ ತೆರಿಗೆಯಷ್ಟೂ ರಿಯಾಯಿತಿಯಾಗುವುದರಿಂದ ಕಟ್ಟಬೇಕಾದುದು ಸೊನ್ನೆ. ಹಳೆಯ ಪದ್ಧತಿಯನ್ನು ಆರಿಸಿಕೊಂಡರೆ, ಬೇರೆ ಕಡಿತಗಳಿಲ್ಲದಿದ್ದಲ್ಲಿ ಇದೇ ಆದಾಯಕ್ಕೆ ಸೆಸ್ ಸೇರಿ 82,264 ರೂಪಾಯಿ ಆಗುತ್ತದೆ.

ಖರ್ಚಿನ ಚೀಟಿಗಳ ಗೊಡವೆ ಬೇಡವೆನ್ನುವವರಿಗೆ 1961ರ ಕಾಯಿದೆಯ 44ಎಡಿ ಕಲಮಿನ ಅಂದಾಜು ಪದ್ಧತಿಯಿದೆ. ಬ್ಯಾಂಕಿನ ಮೂಲಕ ಬಂದುದರಲ್ಲಿ ಶೇಕಡಾ 6, ನಗದಿನಲ್ಲಿ ಶೇಕಡಾ 8 ಲಾಭವೆಂದು ತೋರಿಸಬಹುದು. (2025ರ ಹೊಸ ಕಾಯಿದೆ ಅನ್ವಯಿಸುವ ಮುಂದಿನ ವರ್ಷಗಳಿಗೆ ಕಲಮಿನ ಸಂಖ್ಯೆ ಬೇರೆ.) ನಮ್ಮ ಅಂಗಡಿಯಲ್ಲಿ 9 ಲಕ್ಷ ಯುಪಿಐ, 6 ಲಕ್ಷ ನಗದು ಎಂದಾದರೆ ಈ ಲಾಭ 1,02,000. ಈ ದಾರಿಯಲ್ಲಿ ಬಾಡಿಗೆ, ಸಂಬಳ, ಸವಕಳಿಗಳನ್ನು ಮತ್ತೆ ಕಳೆಯುವಂತಿಲ್ಲ.

ಇಲ್ಲಿಯೇ ಅನೇಕರು ಎಡವುತ್ತಾರೆ. ಆ ಶೇಕಡಾ 6, 8 ಕನಿಷ್ಠ ಮಿತಿ. ನಿಜವಾಗಿ ಹೆಚ್ಚು ಗಳಿಸಿದವನು ಹೆಚ್ಚನ್ನೇ ತೋರಿಸತಕ್ಕದ್ದು. ಅದೇ ಐಟಿಆರ್-4 ನಮೂನೆಯಲ್ಲಿ 8,33,000 ಎಂದು ಬರೆಯಲು ಅಡ್ಡಿಯೇನೂ ಇಲ್ಲ. 1,02,000 ಬರೆದರೂ ತೆರಿಗೆ ಸೊನ್ನೆ, 8,33,000 ಬರೆದರೂ ಸೊನ್ನೆ. ಮುಚ್ಚಿಟ್ಟು ಗಳಿಸಿದ್ದಾದರೂ ಏನು? ನಾಳೆ ಶೃಂಗೇರಿಯಲ್ಲಿ ಎರಡನೆಯ ಅಂಗಡಿಗೆ ಸಾಲ ಕೇಳಿದಾಗ ಬ್ಯಾಂಕಿನವರು ನೋಡುವುದು ಆ ಕಾಗದವನ್ನೇ. ತಿಂಗಳಿಗೆ 8,500 ಗಳಿಸುವವನಿಗೆ ಅವರು ಎಷ್ಟು ಕೊಟ್ಟಾರು!

ಆದಾಯ 12 ಲಕ್ಷವನ್ನು ತುಸು ಮೀರಿದರೆ ಗಾಬರಿ ಬೇಡ. 12,20,000 ಆದಾಯಕ್ಕೆ ಲೆಕ್ಕದಂತೆ 63,000 ತೆರಿಗೆಯಾದರೂ, ಮೀರಿದ 20,000 ಮತ್ತು ಅದರ ಮೇಲಿನ 800 ರೂಪಾಯಿ ಸೆಸ್ ಮಾತ್ರ ಕಟ್ಟಬೇಕು. ತೆರಿಗೆ 10,000 ಅಥವಾ ಹೆಚ್ಚಾಗುವಂತಿದ್ದರೆ ಅಂದಾಜು ಪದ್ಧತಿಯವರು ಮಾರ್ಚ್ 15ರೊಳಗೆ ಮುಂಗಡವಾಗಿ ಕಟ್ಟತಕ್ಕದ್ದು.

ಜಿ.ಎಸ್.ಟಿ.ಯ ದಾರಿ ಬೇರೆ. ಅಲ್ಲಿ ನೋಡುವುದು ವಹಿವಾಟನ್ನೇ. ಸೇವೆಯ ಅಂಗಡಿಗೆ ವರ್ಷಕ್ಕೆ 20 ಲಕ್ಷ ಮೀರಿದರೆ ನೋಂದಣಿ ಬೇಕು. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಜಮೆಗಳನ್ನಾಧರಿಸಿ ನೋಟಿಸುಗಳು ಬಂದುದು ಈ ತೆರಿಗೆಯದೇ. ಬಂಧುಗಳಿಂದ ಬಂದ ಕೈಗಡವೂ ಅಂಗಡಿಯ ಖಾತೆಗೇ ಜಮೆಯಾದರೆ ವಹಿವಾಟಿನಂತೆ ಕಾಣುತ್ತದೆ. ಅದಕ್ಕಾಗಿ ಬೇರೊಂದು ಖಾತೆ ಇರಲಿ.