ಬಾಡಿಗೆ ಇಲ್ಲ ಸರಿ, ಅಕ್ಕನ ಕೂಲಿ ಎಲ್ಲಿ?

"ಮನೆಯಲ್ಲೇ ಮಾಡಿ, ಬಾಡಿಗೆ ಉಳಿಸಿ, ಲಾಭ ಗಳಿಸಿ" ಅನ್ನೋ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ಕ್ಲೌಡ್ ಕಿಚನ್, ಟಿಫಿನ್ ಸರ್ವಿಸ್, ಪ್ಯಾಕೆಟ್ ತಿಂಡಿ ಯಾವುದೇ ಇರಲಿ, ಆ ಲೆಕ್ಕದಲ್ಲಿ ಎರಡು ಸೊನ್ನೆ ಇರುತ್ತವೆ. ಒಂದು ಅಂಗಡಿ ಬಾಡಿಗೆ, ಅದನ್ನು ಜೋರಾಗಿ ಹೇಳ್ತಾರೆ. ಇನ್ನೊಂದು ರೊಟ್ಟಿ ಬಡಿಯೋ ಹೆಣ್ಣುಮಗಳ ಕೂಲಿ, ಅದನ್ನು ಮುಚ್ಚಿಡ್ತಾರೆ.

ಕಮಲಾಪುರದಿಂದ ಕಲಬುರಗಿಗೆ ಸುಮಾರು 35 ಕಿಲೋಮೀಟರ್. ಅಷ್ಟು ದೂರ ಬಿಸಿ ಊಟ ಒಯ್ಯಲು ಡೆಲಿವರಿ ಹುಡುಗರು ಬರಲ್ಲ. ಹಾಗಾಗಿ ಇಲ್ಲಿಗೆ ಕ್ಲೌಡ್ ಕಿಚನ್ ಹೊಂದಲ್ಲ, ಕಟಕ್ ರೊಟ್ಟಿ ಹೊಂದುತ್ತೆ. ಅದು ವಾರಗಟ್ಟಲೆ ಕೆಡಲ್ಲ.

ಈಗ 100 ರೊಟ್ಟಿ ಲೆಕ್ಕ ಹಾಕೋಣ. ಕಿಲೋ ಹಿಟ್ಟಿಗೆ 18 ರೊಟ್ಟಿ ಅಂದ್ರೆ ಐದೂವರೆ ಕಿಲೋ ಜೋಳ ಬೇಕು. ಜೋಳಕ್ಕೆ 250, ಗಿರಣಿಗೆ 30, ಉರುವಲಿಗೆ 80, ಕವರಿಗೆ 30, ಊರೊಳಗೆ ಆಟೋಗೆ 40 ಹಿಡಿಯಿರಿ. ಒಟ್ಟು 430 ರೂಪಾಯಿ. ಅಂಗಡಿಯವ ಒಂದಕ್ಕೆ 5 ರೂಪಾಯಿ ಕೊಟ್ಟ ಅನ್ನಿ. ದಾರಿಯಲ್ಲಿ ಐದು ಮುರಿದರೆ ಕೈಗೆ ಬರೋದು 475. ಉಳಿಯೋದು 45.

ನಾದಿ, ಬಡಿದು, ಸುಟ್ಟು, ಒಣಗಿಸಿ, ಕಟ್ಟೋಕೆ ಐದು ತಾಸು ಬೇಕು. ಅಂದ್ರೆ ತಾಸಿಗೆ 9 ರೂಪಾಯಿ! ಶಕ್ತಿ ಯೋಜನೆಯಿಂದ ಬಸ್ ಟಿಕೆಟ್ ಉಳಿದರೂ, ಹೋಗಿ ಬರೋ ಹೊತ್ತು ಇದರಲ್ಲಿ ಸೇರಿಲ್ಲ.

"ಮನೆಯಲ್ಲಿ ಸುಮ್ಮನೇ ಇರ್ತಾಳಲ್ಲ" ಅಂತೀರಾ? ಅವಳು ಅದೇ ಐದು ತಾಸು ಪಕ್ಕದ ಹೊಲದಲ್ಲಿ ಕಳೆ ತೆಗೆದರೆ ಇದಕ್ಕಿಂತ ಎಷ್ಟೋ ಹೆಚ್ಚು ಕೂಲಿ ಬರುತ್ತೆ. ತಾಸಿಗೆ 70 ರೂಪಾಯಿ ಹಿಡಿದರೆ ಕೂಲಿಯೇ 350, ಖರ್ಚು ಸೇರಿ 780. ಮುರಿದದ್ದು ಕಳೆದು ಉಳಿದ 95 ರೊಟ್ಟಿಗೆ ಹಂಚಿದರೆ ಒಂದಕ್ಕೆ 8 ರೂಪಾಯಿ ದಾಟುತ್ತೆ. ಅದಕ್ಕಿಂತ ಕಡಿಮೆಗೆ ಕೊಟ್ಟರೆ ಕೈಯಿಂದ ಹಾಕಿ ಊಟ ಬಡಿಸಿದ ಹಾಗೆ.

ಜೊತೆಗೆ ಎರಡು ಮಾತು. ಮನೆ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ, ಉರುವಲಿನ ಖರ್ಚು ಹಾಗೇ ಹಿಡಿಯಿರಿ. ಬಿಸಿ ಇದ್ದಾಗಲೇ ಕವರಿಗೆ ಹಾಕಬೇಡಿ. ಒಳಗೆ ಬೆವರಿ ನಾಲ್ಕು ದಿನಕ್ಕೆ ಬೂಸ್ಟು ಹಿಡಿಯುತ್ತೆ. ಒಂದು ರೊಟ್ಟಿ ಮುರಿದು ನೋಡಿ. ಪಟ್ ಅಂದರೆ ಕಟ್ಟಬಹುದು, ಬಾಗಿದರೆ ಇನ್ನೂ ಒಣಗಬೇಕು.

ಒಬ್ಬಳೇ ಹೋಗಿ 8 ರೂಪಾಯಿ ಕೇಳಿದರೆ ಅಂಗಡಿಯವ ಇನ್ನೊಬ್ಬಳ ಹತ್ತಿರ 5ಕ್ಕೆ ತಗೋತಾನೆ. ಕಲಬುರಗಿಯ ಹೆಣ್ಣುಮಕ್ಕಳು ಸಹಕಾರ ಸಂಘ ಕಟ್ಟಿಕೊಂಡು, ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ಮಾಡಿ, ಕಲಬುರಗಿ ರೊಟ್ಟಿ ಅನ್ನೋ ಹೆಸರಲ್ಲಿ ಬೆಂಗಳೂರು ತನಕ ಮಾರಿದರು. 2025ರ ಜೂನಿನಲ್ಲಿ ಪ್ರಧಾನಿಯ ಮನ್ ಕಿ ಬಾತ್‌ನಲ್ಲೂ ಅದರ ಮಾತು ಬಂತು. ಹೊಗಳಿಕೆ ಬೇಡ ಅನ್ನಲ್ಲ. ಆದರೆ ಸಂಘದ ನಿಜವಾದ ಬಲ ಇರೋದು ದರ ಹೇಳೋದರಲ್ಲಿ. ಹತ್ತು ಮನೆಯವರು ಒಂದೇ ದರ ಹೇಳಿದರೆ ಅಂಗಡಿಯವನಿಗೆ ಬೇರೆ ಬಾಗಿಲು ಇರಲ್ಲ.

ಇನ್ನು ಮುಂದೆ ಯಾರಾದರೂ "ಬಂಡವಾಳ ಕಡಿಮೆ, ಲಾಭ ಜಾಸ್ತಿ" ಅಂತ ಬಂದರೆ ಒಂದೇ ಪ್ರಶ್ನೆ ಕೇಳಿ: ಈ ಲಾಭದಲ್ಲಿ ಅಕ್ಕನ ಕೂಲಿ ಕಳೆದಿದ್ದೀರಾ?